ಒಂದೇ ಕೃಷ್ಣಾಷ್ಟಮಿ, ಮೂರು ದಿನಾಂಕ

ಕ್ಯಾಲೆಂಡರ್ ಕುರಿತ ಒಂದು ಕಿರು ವಿಡಿಯೋಗಾಗಿ ನೀಡಿದ ಉಪನ್ಯಾಸದ ಬರಹ ರೂಪ. ವಿಡಿಯೋದಲ್ಲಿ ಪರದೆಯ ಮೇಲೆ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ವಿವರಿಸಲಾಗಿದೆ. ಹೇಳಿರುವ ಸಮಯಗಳೆಲ್ಲ ದೃಕ್ ಗಣಿತದವು, ಅಂದರೆ ಆಕಾಶದಲ್ಲಿ ಕಾಣುವ ಸ್ಥಾನಗಳಿಗೆ ಹೊಂದುವ ಲೆಕ್ಕದವು. ಒಂದೆರಡು ನಿಮಿಷ ಆಚೀಚೆ ಇರಬಹುದು.

2025ರಲ್ಲಿ ಕೃಷ್ಣಾಷ್ಟಮಿ ಯಾವತ್ತಿತ್ತು? ಬೆಂಗಳೂರಿನಲ್ಲಿ ಕೆಲವು ಮನೆಗಳಲ್ಲಿ ಆಗಸ್ಟ್ 15ರ ರಾತ್ರಿ ಆಚರಿಸಿದರು. ಪಕ್ಕದ ಬೀದಿಯಲ್ಲೇ ಇನ್ನು ಕೆಲವರು 16ಕ್ಕೆ ಆಚರಿಸಿದರು. ಉಡುಪಿಯ ಕೃಷ್ಣಮಠದಲ್ಲಿ ಅದು ಸೆಪ್ಟೆಂಬರ್ 14ಕ್ಕೆ ನಡೆಯಿತು, ಹೆಚ್ಚುಕಡಿಮೆ ಒಂದು ತಿಂಗಳು ತಡವಾಗಿ. ಅದರ ಹಿಂದಿನ ವರ್ಷ, 2024ರಲ್ಲಿ, ಆಗಸ್ಟ್ 26ಕ್ಕೆ ಎಲ್ಲವೂ ಒಟ್ಟಿಗೇ ಬಂದಿತ್ತು, ತಕರಾರಿಗೆ ಜಾಗವೇ ಇರಲಿಲ್ಲ. 2026ರಲ್ಲಿ ಅದು ಸೆಪ್ಟೆಂಬರ್ 4ಕ್ಕೆ ಬೀಳುತ್ತದೆ.

ಇಂಥ ವರ್ಷಗಳಲ್ಲಿ ಯಾರೋ ಲೆಕ್ಕ ತಪ್ಪಿದ್ದಾರೆ ಎಂಬ ಮಾತು ಕೇಳಿಬರುತ್ತದೆ. ಲೆಕ್ಕ ತಪ್ಪುವುದು ಅಪರೂಪ. ಹಬ್ಬದ ದಿನ ಹಿಡಿಯುವವರು ಆಕಾಶಕ್ಕೆ ಹಾಕುವ ಪ್ರಶ್ನೆಯೇ ಬೇರೆ ಬೇರೆ ಇರುತ್ತದೆ. ಹಬ್ಬಗಳ ಪಟ್ಟಿಯನ್ನೆಲ್ಲ ಹರಡಿಕೊಂಡು ಕೂರುವ ಬದಲು ಈ ಒಂದು ಅಷ್ಟಮಿಯನ್ನೇ ಪೂರ್ತಿ ಬಿಡಿಸಿ ನೋಡೋಣ. ವ್ಯತ್ಯಾಸಕ್ಕೆ ಇರುವ ಮುಖ್ಯ ಕಾರಣಗಳೆಲ್ಲ ಇದರೊಳಗೇ ಸಿಗುತ್ತವೆ.

ಮೊದಲು ತಿಥಿ ಎಂದರೇನು ಅನ್ನುವುದು ಸ್ಪಷ್ಟವಾಗಬೇಕು. ಭೂಮಿಯಿಂದ ನೋಡುವಾಗ ಸೂರ್ಯನಿಗೂ ಚಂದ್ರನಿಗೂ ನಡುವೆ ಇರುವ ಕೋನ ಅಮಾವಾಸ್ಯೆ ಮುಗಿಯುವ ಕ್ಷಣದಲ್ಲಿ ಸೊನ್ನೆ. ಅಲ್ಲಿಂದ ಚಂದ್ರ ಸೂರ್ಯನಿಗಿಂತ ಮುಂದೆ ಮುಂದೆ ಹೋಗುತ್ತಾನೆ. ಈ ಅಂತರ ಪ್ರತಿ 12 ಡಿಗ್ರಿ ಹೆಚ್ಚಿದಾಗ ಒಂದು ತಿಥಿ ಮುಗಿಯುತ್ತದೆ. ಅಂತರ 264 ಡಿಗ್ರಿ ಆದಾಗ ಬಹುಳ ಅಷ್ಟಮಿ ಶುರು, 276 ಆದಾಗ ಮುಗಿತು. ಸರಿಯಾಗಿ ನಡುವೆ, 270ರಲ್ಲಿ, ಚಂದ್ರ ಅರ್ಧ ಬೆಳಗಿರುತ್ತಾನೆ. ಚಂದ್ರನ ವೇಗ ಒಂದೇ ಸಮನಾಗಿಲ್ಲ. ಭೂಮಿಗೆ ಹತ್ತಿರ ಇದ್ದಾಗ ಬೇಗ ಓಡುತ್ತಾನೆ, ದೂರ ಇದ್ದಾಗ ನಿಧಾನ. ಹಾಗಾಗಿ ಒಂದು ತಿಥಿ ಸುಮಾರು 20 ಗಂಟೆಯಲ್ಲೂ ಮುಗಿಯಬಹುದು, 26 ಗಂಟೆ ದಾಟಿಯೂ ಇರಬಹುದು. ತಿಥಿ ಶುರುವಾಗಲು ನಮ್ಮ ಸೂರ್ಯೋದಯವೂ ಬೇಕಿಲ್ಲ, ಮಧ್ಯರಾತ್ರಿಯೂ ಬೇಕಿಲ್ಲ. ಅದು ಯಾವ ಹೊತ್ತಿಗಾದರೂ ಶುರುವಾಗುತ್ತದೆ, ಇಡೀ ಜಗತ್ತಿಗೆ ಒಂದೇ ಕ್ಷಣದಲ್ಲಿ ಶುರುವಾಗುತ್ತದೆ.

2025ರ ಶ್ರಾವಣ ಬಹುಳ ಅಷ್ಟಮಿ ಆಗಸ್ಟ್ 15ರ ರಾತ್ರಿ 11:49ಕ್ಕೆ ಶುರುವಾಗಿ ಮಾರನೆಯ ದಿನ ರಾತ್ರಿ 9:34ಕ್ಕೆ ಮುಗಿಯಿತು.

ಈಗ ಗೋಡೆಯ ಕ್ಯಾಲೆಂಡರ್ ನೋಡಿ. ಆಗಸ್ಟ್ 15ರ ಚೌಕದಲ್ಲಿ ಸಪ್ತಮಿ ಎಂದೇ ಅಚ್ಚಾಗಿರುತ್ತದೆ, 16ರ ಚೌಕದಲ್ಲಿ ಅಷ್ಟಮಿ. ಚೌಕದಲ್ಲಿ ಹಾಕುವುದು ಆ ದಿನದ ಸೂರ್ಯೋದಯಕ್ಕೆ ನಡೆಯುತ್ತಿದ್ದ ತಿಥಿಯನ್ನು ಮಾತ್ರ. ಅದು ಎಷ್ಟು ಹೊತ್ತಿನವರೆಗೆ ಇರುತ್ತದೆ ಅನ್ನುವುದು ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಇರುತ್ತದೆ. ಹೆಚ್ಚಿನ ಜಗಳ ಹುಟ್ಟುವುದು ಆ ಸಣ್ಣಕ್ಷರವನ್ನು ಓದದೆ ಇರುವುದರಿಂದ. ಕೃಷ್ಣ ಹುಟ್ಟಿದ್ದು ನಡುರಾತ್ರಿ. ಹಾಗಾಗಿ ಸ್ಮಾರ್ತರ ನಿಯಮ ಸೂರ್ಯೋದಯವನ್ನು ಕೇಳುವುದಿಲ್ಲ, ನಿಶೀಥಕ್ಕೆ ಅಷ್ಟಮಿ ಇದೆಯೇ ಎಂದು ಕೇಳುತ್ತದೆ. ಸೂರ್ಯಾಸ್ತದಿಂದ ಸೂರ್ಯೋದಯದವರೆಗಿನ ರಾತ್ರಿಯನ್ನು ಹದಿನೈದು ಪಾಲು ಮಾಡಿದರೆ ನಟ್ಟನಡುವಿನ ಎಂಟನೆಯ ಪಾಲೇ ನಿಶೀಥ, ಸುಮಾರು 45 ನಿಮಿಷದ ಅವಧಿ. ಬೆಂಗಳೂರಿನಲ್ಲಿ ಆ ರಾತ್ರಿ ಅದು ಸುಮಾರು 12:01ರಿಂದ 12:47ರವರೆಗೆ ಇತ್ತು. ಅಷ್ಟಮಿ ಅದಕ್ಕಿಂತ ಹನ್ನೆರಡು ನಿಮಿಷ ಮೊದಲೇ ಬಂದಿತ್ತು. 16ರ ನಿಶೀಥದ ಹೊತ್ತಿಗೆ ನವಮಿ ಬಂದು ಎರಡು ಗಂಟೆಗೂ ಹೆಚ್ಚಾಗಿತ್ತು. ಆದ್ದರಿಂದ ಸ್ಮಾರ್ತರಿಗೆ 15ರ ರಾತ್ರಿ.

16ಕ್ಕೆ ಆಚರಿಸಿದವರದು ಇನ್ನೊಂದು ನಿಯಮ. ಸಪ್ತಮಿ ತಗುಲಿದ ಅಷ್ಟಮಿ, ಅಂದರೆ ಸಪ್ತಮೀವಿದ್ಧ ಅಷ್ಟಮಿ, ಉಪವಾಸಕ್ಕೆ ಬೇಡ. ಸೂರ್ಯೋದಯಕ್ಕೆ ಅಷ್ಟಮಿ ಇರುವ ದಿನವೇ ಬೇಕು ಎನ್ನುತ್ತಾರೆ ಹಲವು ವೈಷ್ಣವ ಸಂಪ್ರದಾಯದವರು. 15ರ ಸೂರ್ಯೋದಯಕ್ಕೆ ಸಪ್ತಮಿ, 16ರದಕ್ಕೆ ಅಷ್ಟಮಿ. ಉತ್ತರ ಸರಳ. ಎರಡೂ ಮನೆಯವರು ಒಂದೇ ಪಂಚಾಂಗ ನೋಡಿರಬಹುದು, ಅದರಲ್ಲಿನ ಅಂಕಿಗಳ ಬಗ್ಗೆ ಅವರಿಗೆ ಭಿನ್ನಾಭಿಪ್ರಾಯವೂ ಇರಲಾರದು.

ನಿಶೀಥದ ನಿಯಮವನ್ನೇ ಹಿಡಿದರೂ ಭಾರತದೊಳಗೇ ಒಂದು ತೊಡಕಿದೆ. ನಮ್ಮ ಗಡಿಯಾರ ದೇಶಕ್ಕೆಲ್ಲ ಒಂದೇ, ಸೂರ್ಯ ಹಾಗಲ್ಲ. ಅಸ್ಸಾಮಿನ ದಿಬ್ರುಗಢದಲ್ಲಿ ನಿಜವಾದ ನಡುರಾತ್ರಿ ಬೆಂಗಳೂರಿಗಿಂತ ಒಂದು ಗಂಟೆಗೂ ಮೊದಲು ಆಗುತ್ತದೆ. ಅಲ್ಲಿ ಆಗಸ್ಟ್ 15ರ ನಿಶೀಥ ಸುಮಾರು 10:53ಕ್ಕೆ ಶುರುವಾಗಿ 11:37ಕ್ಕೇ ಮುಗಿದಿತ್ತು. 11:49ಕ್ಕೆ ಬಂದ ಅಷ್ಟಮಿಗೆ ಆ ರಾತ್ರಿಯ ನಿಶೀಥ ಸಿಗಲಿಲ್ಲ, ಮಾರನೆಯ ರಾತ್ರಿಯದ್ದೂ ಸಿಗಲಿಲ್ಲ. ಎರಡು ರಾತ್ರಿಯೂ ಸಿಗದಿದ್ದರೆ ಎರಡನೆಯ ದಿನ ಹಿಡಿಯಬೇಕು ಎಂಬುದು ಧರ್ಮಶಾಸ್ತ್ರ ಗ್ರಂಥಗಳ ತೀರ್ಮಾನ. ಹಾಗಾಗಿ ಅದೇ ನಿಯಮಕ್ಕೆ ಬೆಂಗಳೂರಿನಲ್ಲಿ 15, ದಿಬ್ರುಗಢದಲ್ಲಿ 16.

ಉಡುಪಿಯ ವಿಷಯಕ್ಕೆ ಬರೋಣ. ಅಲ್ಲಿನ ವ್ಯತ್ಯಾಸ ಗಂಟೆಗಳದ್ದಲ್ಲ, ತಿಂಗಳದ್ದು. ಕರ್ನಾಟಕದ ಒಳನಾಡಿನಲ್ಲಿ ಹಬ್ಬಗಳಿಗೆ ಚಾಂದ್ರಮಾನದ ತಿಂಗಳು: ಅಮಾವಾಸ್ಯೆ ಮುಗಿದಲ್ಲಿಂದ ಮುಂದಿನ ಅಮಾವಾಸ್ಯೆವರೆಗೆ ಶ್ರಾವಣ. ತುಳುನಾಡಿನಲ್ಲೂ ಕೇರಳದಲ್ಲೂ ತಿಂಗಳನ್ನು ಸೂರ್ಯನಿಂದ ಎಣಿಸುತ್ತಾರೆ. ಸೂರ್ಯ ಸಿಂಹ ರಾಶಿಗೆ ಬಂದಲ್ಲಿಂದ ಕನ್ಯಾ ರಾಶಿಗೆ ಹೋಗುವವರೆಗೆ ಸಿಂಹ ಮಾಸ. ತುಳುವಿನಲ್ಲಿ ಅದು ಸೋಣ ತಿಂಗಳು, ಅದರ ಹಿಂದಿನದು ಆಟಿ. ಉಡುಪಿಯಲ್ಲಿ ಕೃಷ್ಣಾಷ್ಟಮಿಗೆ ಬೇಕಾದದ್ದು ಸಿಂಹ ಮಾಸದ ಬಹುಳ ಅಷ್ಟಮಿ.

2025ರಲ್ಲಿ ಸೂರ್ಯ ಸಿಂಹಕ್ಕೆ ಬಂದದ್ದು ಆಗಸ್ಟ್ 17ರ ಬೆಳಗಿನ ಜಾವ ಸುಮಾರು 2 ಗಂಟೆಗೆ. ಅಷ್ಟಮಿ ಮುಗಿದಿದ್ದು 16ರ ರಾತ್ರಿ 9:34ಕ್ಕೆ. ನಾಲ್ಕೂವರೆ ಗಂಟೆಯ ಅಂತರದಲ್ಲಿ ಆ ಅಷ್ಟಮಿ ಸಿಂಹ ಮಾಸವನ್ನು ತಪ್ಪಿಸಿಕೊಂಡಿತು. ಆಟಿ ಇನ್ನೂ ಮುಗಿದಿರಲಿಲ್ಲ. ಹೀಗಾಗಿ ಮುಂದಿನ ಬಹುಳ ಅಷ್ಟಮಿವರೆಗೆ ಕಾಯಬೇಕಾಯಿತು. ಅದು ಬಂದದ್ದು ಸೆಪ್ಟೆಂಬರ್ 14ರ ಬೆಳಗಿನ ಜಾವ 5 ಗಂಟೆಯ ಸುಮಾರಿಗೆ. ಆ ರಾತ್ರಿ ಅರ್ಘ್ಯ, ಮಾರನೆಯ ದಿನ ಮೊಸರುಕುಡಿಕೆಯ ಉತ್ಸವವಾದ ವಿಟ್ಲಪಿಂಡಿ.

ಇದು 2025ರ ವಿಶೇಷವೇನೂ ಅಲ್ಲ. ಚಾಂದ್ರಮಾನದ ಶ್ರಾವಣ ಬಹುಳ ಅಷ್ಟಮಿ ಸರಿಸುಮಾರು ಆಗಸ್ಟ್ 8ರಿಂದ ಸೆಪ್ಟೆಂಬರ್ 7ರ ನಡುವೆ ಎಲ್ಲಾದರೂ ಬೀಳುತ್ತದೆ. ಅದು ಆಗಸ್ಟ್ 17ರ ಈಚೆಗೆ ಬಿದ್ದರೆ ಉಡುಪಿಯದ್ದೂ ಬೆಂಗಳೂರಿನದ್ದೂ ಒಟ್ಟಿಗೆ ಬರುತ್ತವೆ. ಅದಕ್ಕೂ ಮೊದಲೇ ಬಿದ್ದರೆ ಉಡುಪಿ ಸೆಪ್ಟೆಂಬರಿಗೆ ಹೋಗುತ್ತದೆ. 2017ರಲ್ಲೂ 2020ರಲ್ಲೂ ಹೀಗೇ ಆಗಿತ್ತು. ಒಟ್ಟಾರೆ ಮೂರರಲ್ಲಿ ಎರಡು ವರ್ಷ ಒಂದೇ ತಿಂಗಳು, ಒಂದು ವರ್ಷ ಬೇರೆ ಎಂದು ಇಟ್ಟುಕೊಳ್ಳಬಹುದು.

ರೋಹಿಣಿ ನಕ್ಷತ್ರ ಕೂಡಿಬರಬೇಕಲ್ಲ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ, ಮತ್ತು ಇದಕ್ಕೆ ಪಂಚಾಂಗ ತೆರೆಯದೆಯೂ ಉತ್ತರಿಸಬಹುದು. ಅಷ್ಟಮಿಯ ನಡುವೆ ಚಂದ್ರ ಸೂರ್ಯನಿಗಿಂತ 270 ಡಿಗ್ರಿ ಮುಂದೆ ಇರುತ್ತಾನೆ, ಅಂದರೆ 90 ಡಿಗ್ರಿ ಹಿಂದೆ. ಮೇಷದ ಆರಂಭದಿಂದ ಎಣಿಸಿದರೆ ರೋಹಿಣಿ ಇರುವುದು 40ರಿಂದ 53 ಡಿಗ್ರಿ 20 ಕಲೆಯವರೆಗೆ. ಹಾಗಾದರೆ ಆಗ ಸೂರ್ಯ 130ರಿಂದ 143ರ ನಡುವೆ ಇರಬೇಕು. ಅದು ಸಿಂಹ ರಾಶಿಯ ನಡುಭಾಗ, ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಮೊದಲ ವಾರ. ಅಷ್ಟಮಿ ಈ ಅವಧಿಯಲ್ಲಿ ಬಿದ್ದರೆ ರೋಹಿಣಿ ತಾನಾಗಿ ಜೊತೆಗೆ ಬರುತ್ತದೆ. ಬಹಳ ಮೊದಲೇ ಬಿದ್ದರೆ ಅಷ್ಟಮಿಯಂದು ಚಂದ್ರ ಇನ್ನೂ ಭರಣಿ, ಕೃತ್ತಿಕೆಯಲ್ಲಿರುತ್ತಾನೆ. ಬಹಳ ತಡವಾದರೆ ರೋಹಿಣಿ ದಾಟಿ ಮೃಗಶಿರಕ್ಕೆ ಹೋಗಿರುತ್ತಾನೆ. 2025ರ ಆಗಸ್ಟಿನ ಅಷ್ಟಮಿಯದು ಮೊದಲ ಬಗೆ. ಸೆಪ್ಟೆಂಬರ್ 14ರದು ಎರಡನೆಯದಕ್ಕೆ ಹತ್ತಿರ: ಅಂದು ಸೂರ್ಯೋದಯಕ್ಕೆ ಅಷ್ಟಮಿಯೂ ರೋಹಿಣಿಯೂ ಒಟ್ಟಿಗಿದ್ದವು, ಬೆಳಿಗ್ಗೆ ಒಂಬತ್ತಾಗುವಷ್ಟರಲ್ಲಿ ರೋಹಿಣಿ ಮುಗಿದಿತ್ತು. ಆ ವರ್ಷ ಎರಡೂ ತಿಂಗಳಲ್ಲಿ ಅಷ್ಟಮಿಯ ನಡುರಾತ್ರಿಗೆ ರೋಹಿಣಿ ಸಿಗಲಿಲ್ಲ. ಸಿಗುವುದು ಸಾಧ್ಯವೂ ಇರಲಿಲ್ಲ.

ಇಲ್ಲೊಂದು ತಪ್ಪು ವಿವರಣೆಯನ್ನು ಪಕ್ಕಕ್ಕಿಡಬೇಕು. ಉತ್ತರದವರು ಹುಣ್ಣಿಮೆಯಿಂದ ತಿಂಗಳೆಣಿಸುವುದರಿಂದ ಹಬ್ಬ ಬೇರೆ ದಿನ ಬರುತ್ತದೆ ಎಂದು ಎಷ್ಟೋ ಕಡೆ ಹೇಳುತ್ತಾರೆ. ಕೃಷ್ಣಾಷ್ಟಮಿಯ ಮಟ್ಟಿಗೆ ಇದು ಸರಿಯಲ್ಲ. ನಮ್ಮ ಶ್ರಾವಣ ಬಹುಳ ಅಷ್ಟಮಿಯನ್ನೇ ಅವರು ಭಾದ್ರಪದ ಕೃಷ್ಣ ಅಷ್ಟಮಿ ಎನ್ನುತ್ತಾರೆ, ರಾತ್ರಿ ಅದೇ. ಈ ಎಣಿಕೆಯ ಪರಿಣಾಮ ಕಾಣುವುದು ತಿಂಗಳಿಡೀ ನಡೆಯುವ ವ್ರತಗಳಲ್ಲಿ. 2025ರಲ್ಲಿ ಕಾಶಿಯ ಕಡೆ ಶ್ರಾವಣ ಜುಲೈ 11ಕ್ಕೆ ಶುರುವಾಯಿತು, ನಮ್ಮಲ್ಲಿ 25ಕ್ಕೆ. ಶ್ರಾವಣ ಸೋಮವಾರಗಳು ಅದಕ್ಕೇ ಹೊಂದುವುದಿಲ್ಲ.

ಇನ್ನು ವರ್ಷದಿಂದ ವರ್ಷಕ್ಕೆ ಆಗುವ ಬದಲಾವಣೆ. ಹನ್ನೆರಡು ಚಾಂದ್ರ ತಿಂಗಳು ಸೇರಿದರೆ 354 ದಿನ ಚಿಲ್ಲರೆ. ಸೂರ್ಯನ ವರ್ಷಕ್ಕೆ 11 ದಿನ ಕಡಿಮೆ. ಅದಕ್ಕೇ 2024ರ ಆಗಸ್ಟ್ 26ರ ಹಬ್ಬ 2025ರಲ್ಲಿ 15-16ಕ್ಕೆ ಹಿಂದೆ ಬಂತು. ಹೀಗೇ ಬಿಟ್ಟರೆ 2026ರಲ್ಲಿ ಆಗಸ್ಟ್ 5ರ ಸುಮಾರಿಗೆ ಬರಬೇಕಿತ್ತು. ಅದು ಸೆಪ್ಟೆಂಬರ್ 4ಕ್ಕೆ ಹೋಗುವುದು ನಡುವೆ ಒಂದು ಅಧಿಕ ಮಾಸ ಇರುವುದರಿಂದ. ಎರಡು ಅಮಾವಾಸ್ಯೆಗಳ ನಡುವೆ ಸೂರ್ಯ ಒಂದೂ ರಾಶಿ ಬದಲಿಸದಿದ್ದರೆ, ಅಂದರೆ ಸಂಕ್ರಮಣವೇ ಇಲ್ಲದಿದ್ದರೆ, ಆ ತಿಂಗಳು ಅಧಿಕ. 2026ರಲ್ಲಿ ವೃಷಭ ಸಂಕ್ರಮಣ ಮೇ 15ಕ್ಕೆ. ಅಮಾವಾಸ್ಯೆ ಮುಗಿಯುವುದು ಮೇ 17ರ ನಸುಕಿನ ಒಂದೂವರೆಗೆ, ಮುಂದಿನದು ಜೂನ್ 15ರ ಬೆಳಿಗ್ಗೆ 8:24ಕ್ಕೆ. ಮಿಥುನ ಸಂಕ್ರಮಣ ಅದೇ ಜೂನ್ 15ರ ಮಧ್ಯಾಹ್ನ ಒಂದರ ಹೊತ್ತಿಗೆ. ಇಲ್ಲೂ ನಾಲ್ಕೂವರೆ ಗಂಟೆಯ ಆಟ: ಸಂಕ್ರಮಣ ಅಷ್ಟು ಮುಂಚೆ ಬಂದಿದ್ದರೆ ಜ್ಯೇಷ್ಠ ಅಧಿಕವಾಗುತ್ತಿರಲಿಲ್ಲ.

ಅಧಿಕ ಮಾಸ ವರ್ಷದ ನಡುವೆ ಬರುವುದರಿಂದ ಅದರ ಹಿಂದಿನ ಹಬ್ಬಗಳೆಲ್ಲ ಬೇಗ, ಮುಂದಿನವೆಲ್ಲ ತಡ. ಅದೇ 2026ರಲ್ಲಿ ಯುಗಾದಿ ಮಾರ್ಚ್ 19ಕ್ಕೇ ಬಂದರೂ ಗಣೇಶ ಚೌತಿ ಸೆಪ್ಟೆಂಬರ್ 14ಕ್ಕೆ ಹೋಗುತ್ತದೆ. ಹಿಂದಿನ ವರ್ಷ ಅದು ಆಗಸ್ಟ್ 27ಕ್ಕೆ ಬಂದಿತ್ತು. ಸಂಕ್ರಾಂತಿ, ವಿಷು ಇಂಥವು ಸೂರ್ಯನ ಮೇಲೇ ನಿಂತಿರುವುದರಿಂದ ಅವಕ್ಕೆ ಈ ಹನ್ನೊಂದು ದಿನದ ಓಡಾಟ ಇಲ್ಲ.

ಎರಡು ಪಂಚಾಂಗಗಳ ಅಂಕಿಗಳೇ ಬೇರೆ ಇದ್ದರೆ? ಆಗ ಕಾರಣ ಗಣಿತ. ಸೂರ್ಯಸಿದ್ಧಾಂತದಂಥ ಹಳೆಯ ಪದ್ಧತಿಗಳು ಚಂದ್ರನ ಗತಿಗೆ ಮುಖ್ಯವಾದ ಒಂದು ತಿದ್ದುಪಡಿಯನ್ನು ಕೊಡುತ್ತವೆ, ಅದೂ ಗ್ರಹಣಗಳಿಗೆ ಹೊಂದುವಂತೆ. ಗ್ರಹಣ ಆಗುವುದು ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ. ಆದ್ದರಿಂದ ಅಲ್ಲಿ ಹಳೆಯ ಲೆಕ್ಕ ಆಕಾಶಕ್ಕೆ ಹತ್ತಿರವೇ ಇರುತ್ತದೆ. ಚಂದ್ರ ಅರ್ಧ ಇರುವಾಗ ಸೂರ್ಯನ ಸೆಳೆತದಿಂದ ಆಗುವ ಇನ್ನೊಂದು ಏರುಪೇರು ಲೆಕ್ಕದ ಹೊರಗೇ ಉಳಿದು, ವ್ಯತ್ಯಾಸ ಎರಡೂವರೆ ಡಿಗ್ರಿವರೆಗೆ ಬೆಳೆಯಬಹುದು. ಹೊತ್ತಿನಲ್ಲಿ ಹೇಳುವುದಾದರೆ ನಾಲ್ಕೈದು ಗಂಟೆ. ಅಷ್ಟಮಿಯೇ ಅರ್ಧಚಂದ್ರನ ತಿಥಿಯಾದ್ದರಿಂದ ಪಂಚಾಂಗಗಳ ನಡುವಿನ ಜಗ್ಗಾಟ ಅತಿ ಹೆಚ್ಚು ಕಾಣುವುದೂ ಇಲ್ಲೇ. ನಿಮ್ಮ ಪಂಚಾಂಗದ ಮೊದಲ ಪುಟಗಳಲ್ಲಿ ದೃಕ್ ಎಂದಿದೆಯೋ ಸೂರ್ಯಸಿದ್ಧಾಂತ ಎಂದಿದೆಯೋ ನೋಡಿಕೊಳ್ಳಿ. ಒಂದರ ತಿಥಿಯನ್ನು ಇನ್ನೊಂದರ ಸಂಕ್ರಮಣಕ್ಕೆ ಜೋಡಿಸಿದರೆ ಬರುವ ಉತ್ತರ ಯಾವ ಸಂಪ್ರದಾಯಕ್ಕೂ ಸೇರುವುದಿಲ್ಲ.

ಘಳಿಗೆಯಲ್ಲಿ ಕೊಟ್ಟ ಸಮಯವನ್ನು ಬಳಸುವವರು ಇನ್ನೊಂದು ಕಡೆ ಎಡವುತ್ತಾರೆ. ಒಂದು ಘಳಿಗೆ 24 ನಿಮಿಷ, ಅದರ ಅರವತ್ತರಲ್ಲಿ ಒಂದು ಪಾಲು ವಿಘಳಿಗೆ, ಎಣಿಕೆ ಸೂರ್ಯೋದಯದಿಂದ. 2026ರ ಸೆಪ್ಟೆಂಬರ್ 4ಕ್ಕೆ ಬೆಂಗಳೂರಿಗೆ ಗಣಿಸಿದ ಪಂಚಾಂಗದಲ್ಲಿ ಅಷ್ಟಮಿ 45 ಘಳಿಗೆ 10 ವಿಘಳಿಗೆ ಎಂದಿದ್ದರೆ, ಅದು ಸೂರ್ಯೋದಯದಿಂದ 18 ಗಂಟೆ 4 ನಿಮಿಷ. ಬೆಂಗಳೂರಿನ ಸೂರ್ಯೋದಯ 6:09ಕ್ಕೆ ಅದನ್ನು ಕೂಡಿದರೆ ರಾತ್ರಿ 12:13. ಇದೇ ಘಳಿಗೆಯನ್ನು ಮುಂಬೈಯ ಸೂರ್ಯೋದಯಕ್ಕೆ ಕೂಡಿಸಿದರೆ ತಪ್ಪು ಕ್ಷಣ ಸಿಗುತ್ತದೆ. ಪಂಚಾಂಗ ಯಾವ ಊರಿಗೆ ಗಣಿಸಿದ್ದೋ ಆ ಊರಿನ ಸೂರ್ಯೋದಯವನ್ನೇ ಹಿಡಿದು ಮೊದಲು ಗಡಿಯಾರದ ಹೊತ್ತಿಗೆ ತರಬೇಕು, ಆಮೇಲೆ ನಿಮ್ಮ ಊರಿನ ನಿಶೀಥ ನೋಡಬೇಕು.

ಹೊರದೇಶದಲ್ಲಿರುವ ಕನ್ನಡಿಗರಿಗೂ ಕೆಲಸ ಇದೇ, ನಡುವೆ ಗಡಿಯಾರದ ವ್ಯತ್ಯಾಸ ಕಳೆಯುವುದೊಂದು ಹೆಚ್ಚು. 2026ರ ಅಷ್ಟಮಿ ಭಾರತದಲ್ಲಿ ಸೆಪ್ಟೆಂಬರ್ 4ರ ನಸುಕಿನ 2:25ಕ್ಕೆ ಶುರುವಾಗಿ ಆ ರಾತ್ರಿ 12:13ಕ್ಕೆ ಮುಗಿಯುತ್ತದೆ. ಬೆಂಗಳೂರಿನ ನಿಶೀಥ 11:55ರ ಸುಮಾರಿಗೆ ಶುರು. ಅಷ್ಟಮಿ ಅದನ್ನು ಹದಿನೆಂಟು ನಿಮಿಷದಷ್ಟು ಮುಟ್ಟುತ್ತದೆ. ಅಷ್ಟು ಸಾಕು, ದಿನ ಸೆಪ್ಟೆಂಬರ್ 4. ಸೂರ್ಯನೂ ಸಿಂಹದಲ್ಲೇ ಇರುವುದರಿಂದ ಸೌರಮಾನದ ಎಣಿಕೆಗೂ ಅದೇ ಅಷ್ಟಮಿ.

ನ್ಯೂಜೆರ್ಸಿಯಲ್ಲಿ ಆಗ ಭಾರತಕ್ಕಿಂತ ಒಂಬತ್ತೂವರೆ ಗಂಟೆ ಹಿಂದೆ. ಅಲ್ಲಿ ಅಷ್ಟಮಿ 3ರ ಸಂಜೆ 4:55ಕ್ಕೆ ಬಂದು 4ರ ಮಧ್ಯಾಹ್ನ 2:43ಕ್ಕೆ ಹೋಗುತ್ತದೆ. ನಡುರಾತ್ರಿಗೆ ಅಷ್ಟಮಿ ಇರುವುದು 3ರಂದು. ಊರಿನಿಂದ ವಾಟ್ಸಾಪಿನಲ್ಲಿ ಬಂದ ಕ್ಯಾಲೆಂಡರ್ ನೋಡಿ 4ರ ರಾತ್ರಿ ಪೂಜೆಗೆ ಕೂತರೆ ನವಮಿ ಬಂದು ಒಂಬತ್ತು ಗಂಟೆ ಕಳೆದಿರುತ್ತದೆ. ಲಂಡನ್ನಿಗೂ 3ರ ರಾತ್ರಿಯೇ. ಸಿಡ್ನಿಗೆ 4. ಸೂರ್ಯೋದಯದ ನಿಯಮ ಹಿಡಿಯುವವರಿಗೆ ಬೆಂಗಳೂರು, ನ್ಯೂಜೆರ್ಸಿ, ಲಂಡನ್ ಮೂರೂ ಕಡೆ 4ನೆಯ ತಾರೀಕೇ, ಸಿಡ್ನಿಯಲ್ಲಿ ಮಾತ್ರ ತೊಡಕು. ಸಿಡ್ನಿಯಲ್ಲಿ ಅಂದು ಅಷ್ಟಮಿ ಬೆಳಿಗ್ಗೆ 6:55ಕ್ಕೆ, ಸೂರ್ಯ ಹುಟ್ಟಿದ ಮೇಲೆ ಶುರುವಾಗಿ ಮಾರನೆಯ ಸೂರ್ಯೋದಯಕ್ಕೆ ಮೊದಲೇ ಮುಗಿಯುವುದರಿಂದ ಅಲ್ಲಿ ಅದು ಕ್ಷಯ ತಿಥಿ, ಹಾಗಾಗಿ ಅಲ್ಲಿನವರು ತಮ್ಮ ಮಠದ ತೀರ್ಮಾನವನ್ನು ಕೇಳಿಕೊಳ್ಳಬೇಕು.

ಎಲ್ಲಕ್ಕಿಂತ ಇಕ್ಕಟ್ಟು ದುಬೈಯಲ್ಲಿ. ಅಲ್ಲಿ ಗಡಿಯಾರ ಒಂದೂವರೆ ಗಂಟೆ ಹಿಂದೆ, ಆದ್ದರಿಂದ ಅಷ್ಟಮಿ ಸೆಪ್ಟೆಂಬರ್ 4ರ ನಸುಕಿನ 12:55ರಿಂದ ರಾತ್ರಿ 10:43ರವರೆಗೆ. 3ರ ರಾತ್ರಿಯ ನಿಶೀಥ ಸುಮಾರು 12:41ಕ್ಕೆ ಮುಗಿದಿರುತ್ತದೆ, 4ರದು ಶುರುವಾಗುವುದು 11:55ಕ್ಕೆ. ಹದಿನಾಲ್ಕು ನಿಮಿಷದಲ್ಲಿ ಒಂದು ತಪ್ಪಿತು, ಒಂದು ಗಂಟೆ ಹನ್ನೆರಡು ನಿಮಿಷದಲ್ಲಿ ಇನ್ನೊಂದು. ದಿಬ್ರುಗಢಕ್ಕೆ ಅನ್ವಯಿಸಿದ ನಿಯಮವೇ ಇಲ್ಲಿಗೂ: ಎರಡೂ ಸಿಗದಿದ್ದರೆ ಎರಡನೆಯ ದಿನ, ಅಂದರೆ ಸೆಪ್ಟೆಂಬರ್ 4. ನಡುರಾತ್ರಿ ಅರ್ಘ್ಯ ಕೊಡುವ ಹೊತ್ತಿಗೆ ಪಂಚಾಂಗದಲ್ಲಿ ನವಮಿ ಕಂಡರೆ ಗಾಬರಿಯಾಗಬೇಕಿಲ್ಲ.